ಓದುಗರ ಪ್ರಶ್ನೆ: ಸೈನ್ ಮಾಡಿ ಸ್ಕ್ಯಾನ್ ಕಳಿಸಿದ್ರೆ ಸಾಲಲ್ವಾ, ಡಿಜಿಟಲ್ ಸಿಗ್ನೇಚರ್ ಯಾಕೆ ಬೇಕು?

ಪ್ರಶ್ನೆ: "ದಾವಣಗೆರೆ ಎಪಿಎಂಸೀಲಿ ನಮ್ಮಣ್ಣಂದು ಮೆಕ್ಕೆಜೋಳದ ವ್ಯಾಪಾರ ಐತ್ರಿ. ಹೊರಗಿನ ಒಂದು ಕೋಳಿ ಫೀಡ್ ಕಂಪನಿ ಜೊತೆ ಸಪ್ಲೈ ಅಗ್ರಿಮೆಂಟ್ ಆಗ್ಬೇಕು. ಅವ್ರು ಪಿಡಿಎಫ್ ಕಳ್ಸಿ, ಪ್ರಿಂಟ್ ತಗೊಂಡು ಸೈನ್ ಮಾಡಿ ಸ್ಕ್ಯಾನ್ ಮಾಡಿ ವಾಟ್ಸಾಪ್ ಮಾಡ್ರಿ ಸಾಕು ಅಂತಾರೆ. ನಮ್ಮ ಆಡಿಟರ್ ಬ್ಯಾಡ, ಡಿಎಸ್‌ಸಿ ಅಂದ್ರೆ ಡಿಜಿಟಲ್ ಸಿಗ್ನೇಚರ್ ಸರ್ಟಿಫಿಕೇಟ್ ಹಾಕ್ರಿ ಅಂತಾರೆ. ಎರಡ್ರಾಗೂ ಸೈನ್ ಅಣ್ಣಂದೇ ಅಲ್ವಾ, ವ್ಯತ್ಯಾಸ ಏನು? ಡಿಎಸ್‌ಸಿ ಇರೋ ಯುಎಸ್‌ಬಿ ಟೋಕನ್ ಆಡಿಟರ್ ಆಫೀಸ್ನಾಗೇ ಇರುತ್ತೆ, ಅದು ಪರವಾಗಿಲ್ವಾ?"

ಆಡಿಟರ್ ಹೇಳಿದ್ದೇ ಸರಿ ರೀ. ಆದ್ರೆ ಟೋಕನ್ ಅವರ ಹತ್ರ ಬಿಟ್ಟಿರೋದು ಸರಿ ಇಲ್ಲ, ಅದನ್ನ ಕೊನೇಲಿ ಹೇಳ್ತೀನಿ.

ಮೊದ್ಲು ನಿಮ್ಮ ಅಗ್ರಿಮೆಂಟನ್ನೇ ತಗೊಳ್ಳೋಣ. ಅದ್ರಲ್ಲಿ 500 ಕ್ವಿಂಟಲ್ ಮಾಲು, ಕ್ವಿಂಟಲ್‌ಗೆ ₹2,240, ತೇವಾಂಶ 14 ಪರ್ಸೆಂಟ್ ಒಳಗೆ ಅಂತ ಬರ್ದಿದೆ ಅಂದ್ಕೊಳ್ಳಿ. ಅಣ್ಣ ಪ್ರಿಂಟ್ ತಗೊಂಡು ಕೊನೇ ಪುಟದಲ್ಲಿ ನೀಲಿ ಪೆನ್ನಲ್ಲಿ ಸೈನ್ ಮಾಡಿ ಮೊಬೈಲಲ್ಲಿ ಸ್ಕ್ಯಾನ್ ಮಾಡಿ ಕಳಿಸಿದ್ರು. ಈಗ ಆ ಫೈಲಲ್ಲಿ ಇರೋದು ಪುಟಗಳ ಫೋಟೋ, ಸೈನ್ ಕೂಡ ಆ ಫೋಟೋದಲ್ಲಿರೋ ಒಂದಿಷ್ಟು ನೀಲಿ ಚುಕ್ಕಿ. ಮೊದಲನೇ ಪುಟದಲ್ಲಿ 2,240 ಇದ್ದಿದ್ದನ್ನ ಯಾರೋ 2,040 ಮಾಡಿ, ಆ ಪುಟ ಒಂದನ್ನೇ ಬದಲಿಸಿ, ಸೈನ್ ಇರೋ ಕೊನೇ ಪುಟ ಹಾಗೇ ಉಳಿಸಿ ಮತ್ತೆ ಪಿಡಿಎಫ್ ಮಾಡಿದ್ರೆ ಫೈಲ್ ನೋಡಿ ಕಂಡುಹಿಡಿಯೋಕೆ ಗಟ್ಟಿ ದಾರಿ ಏನೂ ಇಲ್ಲ. ಕ್ವಿಂಟಲ್‌ಗೆ 200 ಅಂದ್ರೆ 500 ಕ್ವಿಂಟಲ್‌ಗೆ ಒಂದು ಲಕ್ಷ ರೂಪಾಯಿ. ಅಷ್ಟೇ ಅಲ್ಲ, ಆ ಸೈನ್ ಒಂದನ್ನೇ ಕತ್ತರಿಸಿ ಅಣ್ಣ ಜನ್ಮದಲ್ಲಿ ನೋಡೇ ಇಲ್ಲದ ಬೇರೆ ಪತ್ರದ ಮೇಲೂ ಅಂಟಿಸಬಹುದು, ಮೊಬೈಲ್ ಇದ್ರೆ ಸಾಕು.

ಹಂಗಂತ ಕೈಯಾರೆ ಮಾಡಿದ ಸೈನ್‌ಗೆ ಬೆಲೆ ಇಲ್ಲ ಅಂತಲ್ಲ. ಕಾಗದದ ಮೇಲಿನ ಒರಿಜಿನಲ್ ಇದ್ರೆ ಪೆನ್ನಿನ ಒತ್ತಡ, ಇಂಕು, ಗೆರೆ ಎಲ್ಲಿ ತಡೆದು ನಿಂತಿದೆ ಇದನ್ನೆಲ್ಲ ಕೈಬರಹ ತಜ್ಞರು ನೋಡಬಹುದು. ಸ್ಕ್ಯಾನ್ ಆದ ಮೇಲೆ ಒತ್ತಡ, ಇಂಕು ಎರಡೂ ಹೋಯ್ತು. ಜಗಳ ಆದ್ರೆ ಮೇಲ್, ಲಾರಿ ಬಿಲ್ಲು, ಬ್ಯಾಂಕಿಗೆ ಬಂದ ಹಣ ಇವನ್ನೆಲ್ಲ ತೋರಿಸಿ ಒಪ್ಪಂದ ಆಗಿತ್ತು ಅಂತ ಸಾಬೀತು ಮಾಡೋಕೆ ದಾರಿ ಇದೆ, ಆದ್ರೆ ಆ ಕೆಲಸ ಎಲ್ಲ ಬೇರೆ ಸಾಕ್ಷಿಗಳು ಮಾಡ್ಬೇಕು, ಸ್ಕ್ಯಾನ್ ಆದ ಸೈನ್ ತಾನಾಗೇ ಏನೂ ಹೇಳಲ್ಲ.

ಈಗ ಡಿಎಸ್‌ಸಿ ವಿಷಯ. ಯುಎಸ್‌ಬಿ ಟೋಕನ್ ಹಾಕಿ ಪಿನ್ ಒತ್ತಿ ಸೈನ್ ಮಾಡಿದಾಗ ಒಳಗೆ ನಡೆಯೋದು ಎರಡು ಹೆಜ್ಜೆ. ಒಂದು, ಸಾಫ್ಟ್‌ವೇರ್ ಇಡೀ ಫೈಲನ್ನ ಓದಿ (ಸಿಗ್ನೇಚರ್ ಇಡೋಕೆ ಬಿಟ್ಟ ಸಣ್ಣ ಜಾಗ ಒಂದನ್ನ ಬಿಟ್ಟು) ಅದರಿಂದ ಒಂದು ಹ್ಯಾಶ್ ಲೆಕ್ಕ ಹಾಕುತ್ತೆ. ಸಾಮಾನ್ಯವಾಗಿ SHA-256 ಅನ್ನೋ ವಿಧಾನ, ಫೈಲ್ ಒಂದು ಪುಟ ಇರಲಿ ನೂರು ಪುಟ ಇರಲಿ ಬರೋದು 64 ಅಕ್ಷರದ ಒಂದು ಸಾಲು. ಎರಡು, ಆ ಹ್ಯಾಶನ್ನ ಟೋಕನ್ ಒಳಗಿರೋ ಪ್ರೈವೇಟ್ ಕೀ ಬಳಸಿ ಸೈನ್ ಮಾಡುತ್ತೆ. ಆ ಕೀ ಟೋಕನ್ನಿಂದ ಹೊರಗೆ ಬರಲ್ಲ, ಕಾಪಿ ಮಾಡೋಕೂ ಬಿಡಲ್ಲ, ಲೆಕ್ಕ ಎಲ್ಲ ಟೋಕನ್ ಒಳಗಿನ ಚಿಪ್ಪಲ್ಲೇ ಆಗುತ್ತೆ. ಅದಕ್ಕೆ ಜೋಡಿಯಾಗಿರೋ ಪಬ್ಲಿಕ್ ಕೀ ಮಾತ್ರ ಸರ್ಟಿಫಿಕೇಟ್ ಜೊತೆ ಫೈಲಲ್ಲಿ ಹೋಗುತ್ತೆ. ಫೀಡ್ ಕಂಪನಿಯವರು ಫೈಲ್ ತೆಗೆದಾಗ ಅವರ ಕಂಪ್ಯೂಟರ್ ಮತ್ತೆ ಹ್ಯಾಶ್ ಲೆಕ್ಕ ಹಾಕಿ, ಪಬ್ಲಿಕ್ ಕೀ ಇಟ್ಕೊಂಡು ತಾಳೆ ನೋಡುತ್ತೆ.

ಹ್ಯಾಶ್ ಹೆಂಗೆ ಕೆಲಸ ಮಾಡುತ್ತೆ ಅಂತ ನೀವೇ ನೋಡಬಹುದು. ವಿಂಡೋಸ್‌ನಲ್ಲಿ ಫೈಲ್ ಇರೋ ಫೋಲ್ಡರಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಇದನ್ನ ಹೊಡೀರಿ:

```
certutil -hashfile agreement.pdf SHA256
```

ಫೈಲಿನ ಹೆಸರು ಬದಲಿಸಿ ಮತ್ತೆ ಹೊಡೆದ್ರೆ ಅದೇ ಸಾಲು ಬರುತ್ತೆ, ಯಾಕಂದ್ರೆ ಹೆಸರು ಫೈಲ್ ಒಳಗಿಲ್ಲ. ಒಳಗೆ 2,240 ಅನ್ನೋದನ್ನ 2,040 ಮಾಡಿ ಸೇವ್ ಮಾಡಿ ಹೊಡೀರಿ, ಪೂರ್ತಿ ಬೇರೆ ಸಾಲೇ ಬರುತ್ತೆ. ಹಾಗಾಗಿ ಸೈನ್ ಆದ ಫೈಲಲ್ಲಿ ಆ ಒಂದು ಅಂಕಿ ತಿದ್ದಿದ್ರೂ ತಾಳೆ ಆಗಲ್ಲ, ಅಡೋಬಿ ರೀಡರ್ ಕೆಂಪು ಗುರುತು ತೋರಿಸಿ `Document has been altered or corrupted since it was signed` ಅನ್ನುತ್ತೆ. ಅಣ್ಣನ ಸಿಗ್ನೇಚರನ್ನ ಕಿತ್ತು ಬೇರೆ ಪತ್ರಕ್ಕೆ ಅಂಟಿಸೋದೂ ಆಗಲ್ಲ, ಯಾಕಂದ್ರೆ ಅದು ಈ ಫೈಲಿನ ಹ್ಯಾಶ್‌ನಿಂದ ಹುಟ್ಟಿದ್ದು, ಬೇರೆ ಫೈಲಿನ ಹ್ಯಾಶ್ ಬೇರೆ. ಸ್ಕ್ಯಾನ್ ಸೈನ್ ಎಲ್ಲಿ ಇಟ್ರೂ ಅದೇ ಸೈನ್, ಇದು ಪ್ರತಿ ಫೈಲಿಗೂ ಬೇರೆ ಬೇರೆ ಬರುತ್ತೆ, ನಿಜವಾದ ವ್ಯತ್ಯಾಸ ಇಲ್ಲೇ ಇರೋದು.

ಇಲ್ಲಿ ತುಂಬ ಜನ ಎಡವೋ ಒಂದು ಜಾಗ ಇದೆ. ಪುಟದ ಮೇಲೆ ಕಾಣೋ "ಡಿಜಿಟಲಿ ಸೈನ್ಡ್ ಬೈ" ಅನ್ನೋ ಚೌಕ ಸಿಗ್ನೇಚರ್ ಅಲ್ಲ. ಅದು ಬರೀ ತೋರಿಕೆಗೆ, ಹಸಿರು ಟಿಕ್ ಸಮೇತ ಅಂಥ ಚೌಕದ ಚಿತ್ರ ಯಾರು ಬೇಕಾದ್ರೂ ಬರೆದು ಅಂಟಿಸಬಹುದು. ನಂಬಬೇಕಾದ್ದು ಪುಟದ ಮೇಲಿರೋದನ್ನಲ್ಲ, ರೀಡರಲ್ಲಿ ತೆಗೆಯೋ `Signature Panel` ಏನು ಹೇಳುತ್ತೆ ಅನ್ನೋದನ್ನ. ಪ್ಯಾನೆಲ್ ಖಾಲಿ ಇದ್ರೆ ಆ ಫೈಲಲ್ಲಿ ಸಿಗ್ನೇಚರೇ ಇಲ್ಲ, ಚೌಕ ಎಷ್ಟೇ ಚೆನ್ನಾಗಿರಲಿ.

ಇದೇ ಕಾರಣಕ್ಕೆ ಪ್ರಿಂಟ್ ತೆಗೆದ್ರೆ ಸಿಗ್ನೇಚರ್ ಸತ್ತಂಗೆ. ಕಾಗದದ ಮೇಲೆ ಬರೋದು ಆ ಚೌಕ ಮಾತ್ರ. ಮತ್ತೆ ಸ್ಕ್ಯಾನ್ ಮಾಡಿದ್ರೂ, ಸ್ಕ್ರೀನ್‌ಶಾಟ್ ತೆಗೆದ್ರೂ, `Print to PDF` ಕೊಟ್ರೂ ಹಂಗೇ. ನಾಡಕಚೇರಿ ಜಾತಿ ಆದಾಯ ಸರ್ಟಿಫಿಕೇಟ್ ಪ್ರಿಂಟ್ ಕೈಲಿದ್ರೆ ಅದರ ಮೇಲಿನ ಆರ್‌ಡಿ ನಂಬರ್ ಹಾಕಿ ವೆಬ್‌ಸೈಟಲ್ಲಿ ನೋಡೋದು ಅದಕ್ಕೇ, ಕಾಗದದಲ್ಲಿ ಸಿಗ್ನೇಚರ್ ಚೆಕ್ ಮಾಡೋಕೆ ಆಗಲ್ಲ. ನಿಮ್ಮ ಅಗ್ರಿಮೆಂಟನ್ನ ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಅಂತ ಕಳಿಸ್ರಿ, ಫೋಟೋ ಮಾಡಿ ಅಲ್ಲ.

ಇನ್ನು ಹಳದಿ ತ್ರಿಕೋನ. ಆಧಾರ್ ಪಿಡಿಎಫ್ ತೆಗೆದಿದ್ರೆ ಆ ಪ್ರಶ್ನಾರ್ಥಕ ಚಿಹ್ನೆ ನೋಡಿರ್ತೀರಿ. ಎಲ್ರೂ ಇದನ್ನ ನೋಡಿ "ನಕಲಿ" ಅಂತಾರೆ ಇಲ್ಲಾಂದ್ರೆ "ಅದೆಲ್ಲಾ ಹಂಗೇ ಬರೋದು ಬಿಡ್ರಿ" ಅಂತಾರೆ, ಎರಡೂ ತಪ್ಪು. ಅದರ ಅರ್ಥ ಫೈಲ್ ಬದಲಾಗಿಲ್ಲ, ಆದ್ರೆ ಸೈನ್ ಮಾಡಿದವರ ಸರ್ಟಿಫಿಕೇಟನ್ನ ನಿಮ್ಮ ರೀಡರ್ ಇನ್ನೂ ನಂಬಿಲ್ಲ ಅಂತ. ಪ್ಯಾನೆಲಲ್ಲಿ `Document has not been modified since this signature was applied` ಅಂತಲೂ ಅದರ ಜೊತೆಗೇ `Signer's identity is unknown` ಅಂತಲೂ ಇರುತ್ತೆ. ಈ ಎರಡನೇ ಮಾತನ್ನ ಹಗುರ ಮಾಡ್ಬೇಡಿ. ಯಾಕಂದ್ರೆ ಅಡೋಬಿಯಲ್ಲೇ ಕೂತು ಯಾರು ಬೇಕಾದ್ರೂ ಅಣ್ಣನ ಹೆಸರಲ್ಲಿ ತಾವೇ ಒಂದು ಸರ್ಟಿಫಿಕೇಟ್ ಮಾಡ್ಕೊಂಡು ಸೈನ್ ಹಾಕಬಹುದು, ಆಗಲೂ ಇದೇ ಹಳದಿ ಬರುತ್ತೆ.

ಎರಡನ್ನೂ ಬೇರೆ ಮಾಡೋದು ಹೆಂಗೆ? ಸರ್ಟಿಫಿಕೇಟ್ ವಿವರ ತೆಗೆದ್ರೆ ಒಂದು ಸರಪಳಿ ಕಾಣುತ್ತೆ. ಕೆಳಗೆ ಅಣ್ಣನ ಹೆಸರು, ಅದರ ಮೇಲೆ ಸರ್ಟಿಫಿಕೇಟ್ ಕೊಟ್ಟ ಲೈಸೆನ್ಸ್ ಇರೋ ಸಂಸ್ಥೆ, ತುದೀಲಿ `CCA India` ಅಂತ ಶುರುವಾಗೋ ರೂಟ್. ಸಿಸಿಎ ಅಂದ್ರೆ 2000ದ ಐಟಿ ಕಾಯ್ದೆ ಪ್ರಕಾರ ಈ ಸಂಸ್ಥೆಗಳಿಗೆಲ್ಲ ಲೈಸೆನ್ಸ್ ಕೊಡೋ ಕೇಂದ್ರ ಸರ್ಕಾರದ ಕಂಟ್ರೋಲರ್. ತಾವೇ ಮಾಡ್ಕೊಂಡಿದ್ರೆ ಸರಪಳಿ ಇರಲ್ಲ, ಹೆಸರು ಒಂದೇ ಇರುತ್ತೆ. ಆದ್ರೆ `CCA India` ಅನ್ನೋ ಹೆಸರನ್ನೂ ಒಬ್ಬ ಖದೀಮ ಟೈಪ್ ಮಾಡ್ಕೊಳ್ಳಬಹುದಲ್ಲ, ಅದಕ್ಕೇ ಬಂದ ಫೈಲಲ್ಲಿರೋ ಸರ್ಟಿಫಿಕೇಟನ್ನ ಕಣ್ಣುಮುಚ್ಚಿ `Add to Trusted Certificates` ಒತ್ತಬೇಡಿ. cca.gov.in ನಿಂದ ರೂಟ್ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿ ಅದನ್ನ ರೀಡರಿಗೆ ಸೇರಿಸ್ರಿ. ಆಮೇಲೆ ಅಸಲಿ ಇರೋದು ತಾನಾಗೇ ಹಸಿರಾಗುತ್ತೆ, ಸ್ವಂತ ಮಾಡ್ಕೊಂಡಿದ್ದು ಹಳದಿಯಲ್ಲೇ ಉಳಿಯುತ್ತೆ.

ಹಸಿರು ಬಂತು ಅಂದ್ರೂ ಎಲ್ಲ ಸಾಬೀತಾಯ್ತು ಅಂತಲ್ಲ. ಟೈಮ್ ನೋಡ್ರಿ, ತುಂಬ ಸಲ `Signing time is from the clock on the signer's computer` ಅಂತ ಇರುತ್ತೆ, ಅಂದ್ರೆ ಕಂಪ್ಯೂಟರಲ್ಲಿ ತಾರೀಕು ಹಿಂದೆ ಮಾಡಿ ಸೈನ್ ಮಾಡಿದ್ರೆ ಹಿಂದಿನ ತಾರೀಕೇ ಬೀಳುತ್ತೆ. ಬೆಲೆ ಯಾವ ದಿನದ್ದು ಅನ್ನೋದು ಮುಖ್ಯ ಆದಾಗ ಹೊರಗಿನ ಟೈಮ್‌ಸ್ಟಾಂಪ್ ಸರ್ವರಿಂದ ಮುದ್ರೆ ಹಾಕಿಸಿರಬೇಕು. ಫೈಲಲ್ಲಿ ಬರೆದಿದ್ದು ನಿಜವಾ ಅನ್ನೋದನ್ನೂ ಸಿಗ್ನೇಚರ್ ಹೇಳಲ್ಲ, ಗೋಡೌನಲ್ಲಿ 500 ಕ್ವಿಂಟಲ್ ಇದೆಯೋ ಇಲ್ವೋ ಅದಕ್ಕೇನು ಗೊತ್ತು.

ಕಂಪನಿಯವರಿಗೂ ಡಿಎಸ್‌ಸಿಲೇ ಸೈನ್ ಮಾಡೋಕೆ ಹೇಳ್ರಿ. ಅಣ್ಣ ಸೈನ್ ಮಾಡಿದ ಅದೇ ಫೈಲಿಗೆ ಅವರು ಮಾಡಿದ್ರೆ ಹಳೇ ಭಾಗ ಮುಟ್ಟದೆ ಕೊನೇಲಿ ಸೇರ್ಕೊಳ್ಳುತ್ತೆ, ಪ್ಯಾನೆಲಲ್ಲಿ `Rev. 1`, `Rev. 2` ಅಂತ ಎರಡೂ ಕಾಣುತ್ತೆ. ಅವರು ಪ್ರಿಂಟ್ ತೆಗೆದು ಸೈನ್ ಮಾಡಿ ಸ್ಕ್ಯಾನ್ ಕಳಿಸಿದ್ರೆ ಆ ಸ್ಕ್ಯಾನಲ್ಲಿ ಅಣ್ಣನ ಸಿಗ್ನೇಚರೂ ಇರಲ್ಲ, ನಿಮ್ಮ ಹತ್ರ ಮೂಲ ಫೈಲ್ ಜೋಪಾನ ಇರಲಿ.

ಈಗ ಟೋಕನ್. ಇಷ್ಟೊತ್ತು ಹೇಳಿದ್ದೆಲ್ಲ ಸಾಬೀತು ಮಾಡೋದು ಅಣ್ಣನ ಕೀಯಿಂದ ಸೈನ್ ಆಗಿದೆ ಅಂತ, ಅಣ್ಣನ ಬೆರಳೇ ಪಿನ್ ಒತ್ತಿದೆ ಅಂತಲ್ಲ. ಟೋಕನ್ನೂ ಪಿನ್ನೂ ಇನ್ನೊಬ್ಬರ ಡ್ರಾಯರಲ್ಲಿ ಇದ್ರೆ ಅಲ್ಲಿ ಕೂತವರು ಮಾಡಿದ್ದೂ ಅಣ್ಣನ ಸೈನೇ ಆಗುತ್ತೆ, ಕಂಪ್ಯೂಟರಿಗೆ ವ್ಯತ್ಯಾಸ ತಿಳಿಯಲ್ಲ. ಆಡಿಟರ್ ಒಳ್ಳೆಯವರೇ ಇರಬಹುದು, ಆದ್ರೆ ಆ ಆಫೀಸಿಗೆ ಹುಡುಗರು ಬರ್ತಾ ಹೋಗ್ತಾ ಇರ್ತಾರೆ. ಐಟಿ ಕಾಯ್ದೆ 42ನೇ ಸೆಕ್ಷನ್ ಪ್ರೈವೇಟ್ ಕೀ ಜೋಪಾನ ಮಾಡೋ ಹೊಣೆಯನ್ನ ಸರ್ಟಿಫಿಕೇಟ್ ಇರೋರ ಮೇಲೇ ಹಾಕಿದೆ, ಆಮೇಲೆ "ನಾನು ಮಾಡಿಲ್ಲ" ಅನ್ನೋದನ್ನ ತೋರಿಸಿಕೊಡೋದು ಬಲು ಕಷ್ಟ. ಟೋಕನ್ ವಾಪಸ್ ತಗೊಂಡು ಅದರ ಜೊತೆ ಬರೋ ಸಾಫ್ಟ್‌ವೇರಲ್ಲಿ ಪಿನ್ ಬದಲಿಸ್ರಿ, ರಿಟರ್ನ್ ಹಾಕೋ ದಿನ ಅಣ್ಣನೇ ತಗೊಂಡು ಹೋಗಿ ಎದುರಿಗೆ ಸೈನ್ ಮಾಡಿ ತರಲಿ. ಕಳೆದುಹೋಗಿದೆ ಅಂತ ಗೊತ್ತಾದ್ರೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ಅವತ್ತೇ ಹೇಳಿ ರದ್ದು ಮಾಡಿಸ್ರಿ, ಪಿನ್ ಯಾರಿಗೂ ಗೊತ್ತಿಲ್ಲ ಅಂತ ಕಾಯ್ತಾ ಕೂರಬೇಡಿ.