ಕಾಸರಗೋಡಿನ ಅರ್ಜಿಗೆ ಗುಂಟೆಯಲ್ಲ, ಸೆಂಟ್

ಅಡಿಕೆ ಬೆಳೆಗಾರರ ನೋಂದಣಿ ಅರ್ಜಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಹೆಚ್ಚು ಕೆಡುವುದು ಜಮೀನಿನ ವಿಸ್ತೀರ್ಣ ಬರೆಯುವ ಜಾಗ. ಮೂಲದಲ್ಲಿ ‘ಎಕರೆ’ ಎಂದು ಒಂದೇ ಚೌಕ ಇರುತ್ತದೆ. ಕನ್ನಡ ಎಂದ ಕೂಡಲೇ ಕರ್ನಾಟಕದ ಮಾದರಿ ನೋಡಿ ‘ಎಕರೆ, ಗುಂಟೆ’ ಎಂದು ಎರಡು ಚೌಕ ಮಾಡಿಬಿಡುತ್ತಾರೆ. ಕಾಸರಗೋಡಿನವರು ಹೇಳುವುದು ಸೆಂಟ್ ಲೆಕ್ಕ. ಎಕರೆಗೆ ಗುಂಟೆ 40, ಸೆಂಟ್ 100.

ಒಬ್ಬರಿಗೆ 1 ಎಕರೆ 35 ಸೆಂಟ್ ತೋಟ ಇದೆ ಎನ್ನೋಣ. ಅವರು ಗುಂಟೆಯ ಚೌಕದಲ್ಲಿ 35 ತುಂಬಿದರೆ ಗಣಕದ ಲೆಕ್ಕದಲ್ಲಿ ಅದು 1.875 ಎಕರೆ. ಇಲ್ಲದ ಐವತ್ತೆರಡೂವರೆ ಸೆಂಟ್ ಜಾಗ ಸೇರಿಕೊಂಡಿತು, ಆದರೂ ತೆರೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. 60 ಸೆಂಟ್ ಇದ್ದವರಿಗೆ ಮಾತ್ರ ‘39ಕ್ಕಿಂತ ಹೆಚ್ಚು ಬೇಡ’ ಎಂಬ ತಡೆ ಬರುತ್ತದೆ. ಅಂಥ ದೂರು ಬಂತೆಂದರೆ ಗುಂಟೆಯೇ ಒಳಗೆ ಕೂತಿದೆ ಎಂದು ತಿಳಿಯಬೇಕು. ಒಂದೇ ಚೌಕ ಉಳಿಸಿಕೊಂಡರೂ ತೊಂದರೆ ತಪ್ಪದು: 1 ಎಕರೆ 5 ಸೆಂಟನ್ನು ಜನ 1.5 ಎಂದು ಬರೆಯುತ್ತಾರೆ, ಆಗಬೇಕಾದ್ದು 1.05. ಆದ್ದರಿಂದ ಎಕರೆಗೆ ಒಂದು, ಸೆಂಟಿಗೆ ಒಂದು ಚೌಕ ಕೊಡಿ. ತೀರ್ವೆ ರಶೀದಿಯಲ್ಲಿ ಹೆಕ್ಟೇರ್, ಆರ್, ಚದರ ಮೀಟರ್ ಇರುವುದರಿಂದ ಪಕ್ಕದಲ್ಲೇ ಆ ಲೆಕ್ಕವನ್ನೂ ತೋರಿಸಿ. ನಮ್ಮ ಉದಾಹರಣೆಯ ತೋಟ ಸುಮಾರು 54 ಆರ್ 63 ಚದರ ಮೀಟರ್. ರಶೀದಿಗೆ ತಾಳೆ ಹಾಕಿ ನೋಡುವುದು ಆಗ ಸುಲಭ.

ವಿಳಾಸದಲ್ಲೂ ಇದೇ ಬಗೆಯ ಎಡವಟ್ಟು. ಭಾಷೆ `kn-IN` ಎಂದು ಆರಿಸಿದರೆ ರಾಜ್ಯ ತಾನಾಗಿ ‘ಕರ್ನಾಟಕ’ ಆಗುವಂತೆ ಕೆಲವರು ಕಟ್ಟಿರುತ್ತಾರೆ. ಆ ಸಂಕೇತ ಹೇಳುವುದು ಕನ್ನಡ ಭಾಷೆ, ಭಾರತ ದೇಶ, ಇಷ್ಟನ್ನೇ. ಭಾಷೆಗೂ ರಾಜ್ಯಕ್ಕೂ ಇರುವ ಈ ಗಂಟನ್ನು ಮೊದಲು ಬಿಚ್ಚಿ. ‘ನಗರ’ ಎಂಬ ಕಡ್ಡಾಯ ಚೌಕವೂ ಇಲ್ಲಿ ಹೊಂದುವುದಿಲ್ಲ. ಹಳ್ಳಿಯವರು ವಿಳಾಸ ಬರೆಯುವ ಕ್ರಮ ಹೀಗೆ: ಮನೆ ಹೆಸರು, ಗ್ರಾಮ, ಅಂಚೆ, ವಯಾ ಕುಂಬಳೆ, ಕಾಸರಗೋಡು ಜಿಲ್ಲೆ, ಕೇರಳ, 671321. ಮನೆ ಹೆಸರಿಗೆ ಬೇರೆಯೇ ಜಾಗ ಬೇಕು, ಮನೆ ನಂಬರಿನ ಚೌಕದಲ್ಲಿ ಅಂಕಿ ಮಾತ್ರ ಒಪ್ಪುವಂತಿದ್ದರೆ ಅದು ಹಿಡಿಸುವುದಿಲ್ಲ. ಗ್ರಾಮವನ್ನೂ ಅಂಚೆಯನ್ನೂ ಒಂದು ಮಾಡಬೇಡಿ. ಜಮೀನಿನ ಕಾಗದಕ್ಕೆ ಬೇಕಾದ್ದು ಗ್ರಾಮ, ಟಪಾಲು ಬರುವುದು ಅಂಚೆಯ ಹೆಸರಿಗೆ.

ಮೊತ್ತಕ್ಕೆ ₹ ಚಿಹ್ನೆ ಅಂಕಿಗೆ ಮೊದಲು, ಅಲ್ಪವಿರಾಮ ಲಕ್ಷದ ಲೆಕ್ಕಕ್ಕೆ: ₹1,50,000. ಹಳೆಯ ಫಾಂಟಿನಲ್ಲಿ ಚಿಹ್ನೆಯ ಬದಲು ಖಾಲಿ ಚೌಕ ಬಂದರೆ ‘ರೂ.’ ಸಾಕು. ಡಾಲರಿನಲ್ಲಿದ್ದ ಶುಲ್ಕಕ್ಕೆ ಚಿಹ್ನೆ ಮಾತ್ರ ಬದಲಿಸಬೇಡಿ. ರೂಪಾಯಿಯಲ್ಲಿ ಎಷ್ಟೆಂದು ಅರ್ಜಿ ಮಾಡಿಸುವ ಕಂಪನಿಯಿಂದಲೇ ಕೇಳಿ ಪಡೆಯಬೇಕು.

ದಿನಾಂಕದ ತಪ್ಪು ಮೌನವಾಗಿ ನುಸುಳುತ್ತದೆ. ಮೂಲ ಅರ್ಜಿ `MM/DD/YYYY` ಇದ್ದು ಮೇಲಿನ ಬರಹ ಮಾತ್ರ ‘ದಿನ/ತಿಂಗಳು/ವರ್ಷ’ ಆದರೆ, 25/12/1980 ಎಂದು ತುಂಬಿದವರಿಗೆ ತಪ್ಪೆಂಬ ಸೂಚನೆ ಬರುತ್ತದೆ. 03/04/1980 ತುಂಬಿದವರ ಏಪ್ರಿಲ್ 3 ಸದ್ದಿಲ್ಲದೆ ಮಾರ್ಚ್ 4 ಆಗುತ್ತದೆ. ಹಾಗಾಗಿ ಪರೀಕ್ಷೆಗೆ ಈ ಎರಡನ್ನೂ ಹಾಕಿ, ಕಡತದಲ್ಲಿ `1980-12-25` ಮತ್ತು `1980-04-03` ಎಂದೇ ಉಳಿದಿವೆಯೇ ನೋಡಿ. ತಿಂಗಳನ್ನು ಹೆಸರಿನಿಂದಲೇ ಆರಿಸುವ ಪಟ್ಟಿ ಕೊಟ್ಟರೆ ತುಂಬುವವರಿಗೆ ಗೊಂದಲವೇ ಇರುವುದಿಲ್ಲ.