ಅವ್ವನ ಇನ್ಸುಲಿನ್ ಯಾರ ಕೈಯಲ್ಲಿ?

ಗಂಗಾವತಿ, ಸಿಂಧನೂರು ಕಡೆಯ ಕುಟುಂಬಗಳು ಈಗ ವಯಸ್ಸಾದ ತಂದೆತಾಯಿಯ ಆರೈಕೆ ಹಂಚಿಕೊಳ್ಳಲು ಒಟ್ಟಿಗೆ ಕುಳಿತು ಮಾತನಾಡುತ್ತವೆ. ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಸಾರಾಂಶ ಬರೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತವೆ. ಇದು ಒಳ್ಳೆಯ ಅಭ್ಯಾಸ. ಆದರೆ ಕೆಲವೇ ದಿನಗಳಲ್ಲಿ ಜಗಳ ಹುಟ್ಟಿ ಸಮಾಲೋಚನೆಗೆ ಬಂದವರು ನನಗೆ ತೋರಿಸುವ ಸಾರಾಂಶಗಳಲ್ಲಿ ಒಂದೇ ದೋಷ ಮತ್ತೆ ಮತ್ತೆ ಕಾಣುತ್ತದೆ. ಯಾರೋ ಸೂಚಿಸಿದ್ದು, ಯಾರೂ ಎದುರಾಡದೆ ಬಿಟ್ಟದ್ದು, ಯಾರೋ ಹೂಂಗುಟ್ಟಿದ್ದು, ಎಲ್ಲವೂ ‘ಒಪ್ಪಿದೆವು’ ಎಂಬ ಒಂದೇ ಸಾಲಿಗೆ ಸೇರಿರುತ್ತವೆ.

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ತಾಯಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಬಾರಿ ಇನ್ಸುಲಿನ್. ಕಾಲಿನಲ್ಲಿ ಶಕ್ತಿ ಕಡಿಮೆಯಾಗಿ ರಾತ್ರಿ ಒಬ್ಬರೇ ಏಳಲಾರರು. ಹಿರಿಯ ಮಗ ಗಂಗಾವತಿ ಸಮೀಪದ ಹಳ್ಳಿಯಲ್ಲಿ ಭತ್ತ ಬೆಳೆಯುತ್ತಾನೆ, ಕಿರಿಯವನು ಬೆಂಗಳೂರಿನಲ್ಲಿ ಉದ್ಯೋಗಿ, ಮಗಳನ್ನು ಸಿಂಧನೂರಿಗೆ ಕೊಟ್ಟಿದ್ದಾರೆ. ಅವರ ಸಾರಾಂಶ ಹೀಗಿತ್ತು: ‘ಔಷಧ ಅಣ್ಣನದು, ಖರ್ಚು ತಮ್ಮನದು, ನಾಟಿ ಕಾಲದಲ್ಲಿ ಅವ್ವ ಅಕ್ಕನ ಮನೆಯಲ್ಲಿ.’

ನಾನು ರೆಕಾರ್ಡಿಂಗ್ ಕೇಳಿದೆ. ಅಣ್ಣ ‘ಔಷಧ ನಾನು ನೋಡಿಕೊಳ್ಳುತ್ತೇನೆ’ ಎಂದದ್ದು ನಿಜ. ಅವನ ಮನಸ್ಸಿನಲ್ಲಿದ್ದದ್ದು ಗಂಗಾವತಿಯಿಂದ ಔಷಧ ತರುವ ಕೆಲಸ. ಊಟಕ್ಕೆ ಮೊದಲು ಸೂಜಿ ಚುಚ್ಚುವವಳು, ಚುಚ್ಚಿದ ಮೇಲೆ ಊಟ ತಡವಾಗದಂತೆ ಕಾಯುವವಳು ಅವನ ಹೆಂಡತಿ. ಇನ್ಸುಲಿನ್ ಕೊಟ್ಟು ಊಟ ತಪ್ಪಿದರೆ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯ. ಇಷ್ಟು ಭಾರದ ಕೆಲಸ ಹೊತ್ತವಳ ದನಿ ಇಡೀ ರೆಕಾರ್ಡಿಂಗಿನಲ್ಲಿ ಇಲ್ಲ. ಅವಳು ಒಳಗೆ ಚಹಾ ಮಾಡುತ್ತಿದ್ದಳು. ತಾನೇ ಬಾಯಿಬಿಟ್ಟು ಒಪ್ಪದವರ ಹೆಸರಿನಲ್ಲಿ ಯಾವ ಕೆಲಸವನ್ನೂ ಬರೆಯಬೇಡಿ ಎಂದು ನಾನು ಬೇಡಿಕೊಳ್ಳುವುದು ಇದಕ್ಕಾಗಿಯೇ.

ತಮ್ಮ ‘ಎಷ್ಟಾದರೂ ಹೇಳಿ, ಕಳಿಸುತ್ತೇನೆ’ ಎಂದಿದ್ದ. ಅದರಲ್ಲಿ ಮೊತ್ತ ಇಲ್ಲ, ತಾರೀಖು ಇಲ್ಲ, ಯಾರ ಖಾತೆಗೆ ಎಂಬುದೂ ಇಲ್ಲ. ಪ್ರತಿ ಸಲ ಅಣ್ಣನೇ ಕೈಚಾಚಿ ಕೇಳಬೇಕಾಯಿತು, ಕೇಳಲು ಅವನಿಗೆ ಸಂಕೋಚ. ಅಕ್ಕನ ಮಾತು ಇನ್ನೂ ಸೂಕ್ಷ್ಮ. ‘ನಾಟಿ ಹೊತ್ತಿಗೆ ಅವ್ವ ನಮ್ಮಲ್ಲಿರಲಿ, ನಮ್ಮ ಮನೆಯವರನ್ನು ಒಂದು ಮಾತು ಕೇಳಿ ಹೇಳುತ್ತೇನೆ’ ಎಂದಿದ್ದಳು. ಬರೆದವರು ಮೊದಲರ್ಧ ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟಿದ್ದರು. ಸಿಂಧನೂರಿಗೂ ಬರುವುದು ಅದೇ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಇಲ್ಲಿ ನಾಟಿಯ ಗಡಿಬಿಡಿ ಇರುವಾಗ ಅಲ್ಲಿಯೂ ಇರುತ್ತದೆ. ಅಕ್ಕ ಮಾತಿಗೆ ತಪ್ಪಿದಳು ಎಂದು ಅಣ್ಣ, ತಮ್ಮ ಇಬ್ಬರೂ ಮುನಿಸಿಕೊಂಡಿದ್ದರು. ಅವಳು ಮಾತು ಕೊಟ್ಟಿರಲೇ ಇಲ್ಲ.

ಆದ್ದರಿಂದ ಸಾರಾಂಶ ಬರೆಯುವವರು ಮೊದಲು ಪೆನ್ನು ಹಿಡಿಯದೆ ಪೂರ್ತಿ ಕೇಳಬೇಕು. ಎರಡನೇ ಸಲ ಕೇಳುವಾಗ ಪ್ರತಿ ಮಾತನ್ನೂ ಒಪ್ಪಿದ್ದು, ಷರತ್ತಿನ ಮೇಲೆ ಒಪ್ಪಿದ್ದು, ತೀರ್ಮಾನವಾಗದ್ದು ಎಂಬ ಮೂರು ಗುಂಪುಗಳಲ್ಲಿ ಒಂದಕ್ಕೆ ಸೇರಿಸಬೇಕು. ಪಕ್ಕದಲ್ಲಿ ರೆಕಾರ್ಡಿಂಗಿನ ಎಷ್ಟನೇ ನಿಮಿಷ ಎಂದು ಗುರುತು ಹಾಕಿದರೆ ಮುಂದೆ ವಾದ ಬಂದಾಗ ಆ ತುಣುಕನ್ನಷ್ಟೇ ಕೇಳಿಸಬಹುದು. ‘ನೋಡೋಣ’, ‘ಆಗಲಿ ಬಿಡಿ’, ಮೌನ, ಇವುಗಳನ್ನು ಮೂರನೇ ಗುಂಪಿಗೆ ಹಾಕಿ. ಹಾಗೆ ಮಾಡಿದರೆ ಒಪ್ಪಿದ ಪಟ್ಟಿ ತೀರಾ ಚಿಕ್ಕದಾಗುತ್ತದೆ, ಮನೆಯವರಿಗೆ ಬೇಸರವೂ ಆಗುತ್ತದೆ. ಆಗಲಿ. ಚಿಕ್ಕ ಪಟ್ಟಿಯನ್ನು ಹಿಡಿದು ಇನ್ನೊಮ್ಮೆ ಕೇಳಬಹುದು.

ಈ ಮನೆಯಲ್ಲಿ ಹಾಗೆಯೇ ಮಾಡಿದೆವು. ಸೊಸೆಯನ್ನು ಕೂರಿಸಿ ಕೇಳಿದಾಗ ಅವಳು ‘ಬೆಳಗಿನದು ನಾನು ಕೊಡುತ್ತೇನೆ, ಸಂಜೆ ಹೊಲದಿಂದ ಬರುವುದು ತಡವಾಗುತ್ತದೆ’ ಎಂದಳು. ಸಂಜೆಯ ಸೂಜಿ ಅಣ್ಣನ ಪಾಲಿಗೆ ಬಂತು. ವೈದ್ಯರ ಬಳಿ ಹೋಗಿ ಕೊಡುವ ಕ್ರಮ ಕಲಿಯುವುದೂ ಅವನ ಹೆಸರಿನಲ್ಲೇ ಬರೆಯಲ್ಪಟ್ಟಿತು. ತಮ್ಮ ಪ್ರತಿ ತಿಂಗಳ 5ರೊಳಗೆ ನಿಗದಿತ ಮೊತ್ತವನ್ನು ತಾಯಿಯ ಖಾತೆಗೆ ಹಾಕಲು ಒಪ್ಪಿದ. ಅಕ್ಕನದು ಷರತ್ತಿನ ಗುಂಪಿಗೆ ಹೋಯಿತು, ಅವಳು ಉತ್ತರ ಹೇಳಬೇಕಾದ ದಿನದ ಸಮೇತ.

ಒಂದು ಎಚ್ಚರಿಕೆ. ‘ನೋಡಿಕೊಂಡವರಿಗೆ ಹೊಲ’ ಎಂಬ ಮಾತು ಬಂದರೆ ಇಂಥ ಸಾರಾಂಶದಲ್ಲಿ ತುರುಕಬೇಡಿ. ಇದರಿಂದ ಹೊಲ ಯಾರ ಹೆಸರಿಗೂ ಆಗುವುದಿಲ್ಲ. ಹಿರಿಯ ನಾಗರಿಕರ ರಕ್ಷಣೆಗೆಂದು 2007ರಲ್ಲಿ ಬಂದ ಕಾಯ್ದೆಯ ಪ್ರಕಾರ, ಆರೈಕೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ವರ್ಗಾವಣೆಯನ್ನು ಷರತ್ತು ಮುರಿದಾಗ ರದ್ದುಪಡಿಸಲು ಕೋರಬಹುದು. ಆದರೆ ಆ ಷರತ್ತನ್ನು ನೋಂದಾಯಿತ ಪತ್ರದಲ್ಲೇ ಬರೆಸುವುದು ಕ್ಷೇಮ. ಅದಕ್ಕೆ ವಕೀಲರನ್ನು ಕಾಣಿ.

ಕಡೆಗೆ ತಾಯಿಗೆ ಓದಿ ಹೇಳಿದೆವು. ಚರ್ಚೆಯ ನಡುವೆ ಅವರು ‘ರಾತ್ರಿ ಯಾರಾದರೂ ನನ್ನ ಹತ್ತಿರ ಮಲಗಬೇಕು’ ಎಂದದ್ದು ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿತ್ತು, ಮೊದಲ ಸಾರಾಂಶದಲ್ಲಿ ಇರಲಿಲ್ಲ. ಈಗ ಮೊಮ್ಮಗ ಮಲಗಿದರೆ ಸಾಕು ಎಂದರು, ಎಲ್ಲರೂ ತಲೆಯಾಡಿಸಿದರು. ಮೊಮ್ಮಗ ಹಾಸ್ಟೆಲಿನಿಂದ ಇನ್ನೂ ಬಂದಿರಲಿಲ್ಲ. ಅವನನ್ನು ಕೇಳುವವರೆಗೆ ಆ ಸಾಲು ತೀರ್ಮಾನವಾಗದ್ದರ ಕೆಳಗೇ ಇರಲಿ ಎಂದೆ. ಅಲ್ಲಿಯವರೆಗಿನ ರಾತ್ರಿಗಳಿಗೆ ಅಣ್ಣ ತನ್ನ ಹೆಸರು ಬರೆಸಿದ.