ಗೇಮಿನ ಪಾತ್ರದ ಪಾದ ಮೆಟ್ಟಿಲ ಮೇಲೆ ಯಾಕೆ ತೇಲುತ್ತದೆ?

ಮಿರ್ಜಾನ್ ಕೋಟೆ ಹತ್ತಿದವರಿಗೆ ಗೊತ್ತು, ಸವೆದ ಚಿರೇಕಲ್ಲಿನ ಮೇಲೆ ಒಂದು ಹೆಜ್ಜೆಯ ಹಾಗೆ ಇನ್ನೊಂದು ಇರುವುದಿಲ್ಲ. ನಾವು ನೋಡಿಕೊಂಡು ಕಾಲಿಡುತ್ತೇವೆ, ಯೋಚನೆ ಮಾಡದೇ. ಇದೇ ಜಾಗವನ್ನು ಗೇಮ್ ಎಂಜಿನ್‌ನಲ್ಲಿ ಕಟ್ಟಿ ಒಂದು ಪಾತ್ರವನ್ನು ನಡೆಸಿ ನೋಡಿ. ಒಂದು ಪಾದ ಕಲ್ಲಿನೊಳಗೆ ಮುಳುಗಿರುತ್ತದೆ, ಇನ್ನೊಂದು ಗಾಳಿಯಲ್ಲಿ. ಕುಮಟಾ ಕಡೆಯ ನಾವು ಒಂದಿಷ್ಟು ಜನ ಬಿಡುವಿನಲ್ಲಿ ಇಂಥದ್ದೊಂದು ಕೋಟೆ ಮಾಡುತ್ತಿದ್ದೇವೆ, ಹಾಗಾಗಿ ಈ ತೇಲುವ ಕಾಲಿನ ಇತಿಹಾಸ ಸ್ವಲ್ಪ ಜಾಸ್ತಿಯೇ ಓದಿದೆ.

ಮೂಲ ಕಾರಣ ಸರಳ. ಎಂಜಿನ್ನಿಗೆ ಪಾತ್ರ ಅಂದರೆ ಕಾಲು ಕೈ ಇರುವ ಮನುಷ್ಯ ಅಲ್ಲ, ನೆಟ್ಟಗೆ ನಿಂತ ಒಂದು ಕ್ಯಾಪ್ಸೂಲ್. ಅದು ನೆಲದ ಮೇಲೆ ಜಾರುತ್ತಾ ಹೋಗುತ್ತದೆ. ನಡಿಗೆಯ ಅನಿಮೇಷನ್ ಮಾಡಿದ್ದು ಸಮತಟ್ಟು ನೆಲಕ್ಕೆ, ಅದಕ್ಕೆ ಮೆಟ್ಟಿಲು ಅಂತ ಒಂದಿದೆ ಅನ್ನುವುದೇ ಗೊತ್ತಿಲ್ಲ.

ಪಾದ ಇಲ್ಲಿರಬೇಕು ಅಂತ ಮೊದಲು ಹೇಳಿ, ಮಂಡಿ ಎಷ್ಟು ಮಡಚಬೇಕು, ತೊಡೆ ಎಷ್ಟು ತಿರುಗಬೇಕು ಅಂತ ಆಮೇಲೆ ಲೆಕ್ಕ ಹಾಕುವುದಕ್ಕೆ ಇನ್ವರ್ಸ್ ಕೈನೆಮ್ಯಾಟಿಕ್ಸ್ ಅಥವಾ ಐಕೆ ಅನ್ನುತ್ತಾರೆ. ಇದು ಗೇಮಿನವರು ಕಂಡುಹಿಡಿದದ್ದಲ್ಲ, ರೋಬೋಟ್ ಕೈಗಳಿಗಾಗಿ ಬಂದದ್ದು. ಯಾವ ಜೋಡಣೆಯ ಕೈಗೆ ನೇರ ಸೂತ್ರದಲ್ಲಿ ಉತ್ತರ ಸಿಗುತ್ತದೆ ಅಂತ ಸ್ಟ್ಯಾನ್‌ಫರ್ಡ್‌ನಲ್ಲಿ ಡೊನಾಲ್ಡ್ ಪೈಪರ್ 1968ರಲ್ಲೇ ತೋರಿಸಿದ್ದರು. 1985ರಲ್ಲಿ ಗಿರಾರ್ಡ್ ಮತ್ತು ಮಾಸಿಯೆವ್‌ಸ್ಕಿ ಅದನ್ನು ಕಾಲುಳ್ಳ ಪ್ರಾಣಿಗಳ ಕಂಪ್ಯೂಟರ್ ಅನಿಮೇಷನ್‌ಗೆ ತಂದರು.

ಹಾಗಿದ್ದರೂ ಗೇಮ್‌ಗಳಿಗೆ ಅದು ತಕ್ಷಣ ಬರಲಿಲ್ಲ, ಯಾಕೆಂದರೆ ಬಹಳ ಗೇಮ್‌ಗಳ ಪಾತ್ರಗಳಿಗೆ ಮಡಚಲು ಮೂಳೆಯೇ ಇರಲಿಲ್ಲ. 1996ರ ಕ್ವೇಕ್‌ನಲ್ಲಿ ಪಾತ್ರದ ಮೈಮೇಲಿನ ಪ್ರತಿ ಬಿಂದು ಪ್ರತಿ ಫ್ರೇಮಿನಲ್ಲಿ ಎಲ್ಲಿರಬೇಕು ಅಂತ ಮೊದಲೇ ಬರೆದಿಟ್ಟಿರುತ್ತಿದ್ದರು. 1998ರ ಹಾಫ್-ಲೈಫ್ ಮೂಳೆಗಳ ಅಸ್ಥಿಪಂಜರ ಬಳಸಿತು. ಅದೇ ವರ್ಷದ ಜೆಲ್ಡಾ, ಅಂದರೆ ಒಕರೀನಾ ಆಫ್ ಟೈಮ್‌ನಲ್ಲಿ, ನಾಯಕ ಲಿಂಕ್ ಮೆಟ್ಟಿಲ ಮೇಲೆ ನಿಂತರೆ ಒಂದು ಮಂಡಿ ಮಡಚಿ ಪಾದ ಮೇಲಿನ ಮೆಟ್ಟಿಲಿಗೆ ಇಡುತ್ತಾನೆ. ಆ ಕಾಲದ ಯಂತ್ರದಲ್ಲಿ ಅದು ಸಣ್ಣ ಕೆಲಸ ಅಲ್ಲ.

ಆದರೆ ಲೆಕ್ಕ ಮಾತ್ರ ಹೈಸ್ಕೂಲಿನದ್ದೇ. ತೊಡೆ a, ಮೊಣಕಾಲಿನ ಕೆಳಭಾಗ b, ಮತ್ತು ಸೊಂಟದಿಂದ ಪಾದದ ಹರಡಿಗೆ ಎಳೆದ ಗೆರೆ d, ಇಷ್ಟೇ ಒಂದು ತ್ರಿಕೋನ. ಮೂರು ಬದಿ ಗೊತ್ತಿದ್ದರೆ ಮಂಡಿಯ ಕೋನ ಸಿಗುತ್ತದೆ.

```
cos(knee) = (a*a + b*b - d*d) / (2*a*b)
```

ನಮ್ಮ ಪಾತ್ರಕ್ಕೆ ತೊಡೆ 45 ಸೆಂ.ಮೀ., ಕೆಳಗಿನ ಮೂಳೆ 43, ಒಟ್ಟು 88. ಸುಮ್ನೆ ನಿಂತಾಗ ಸೊಂಟದಿಂದ ಹರಡಿಗೆ 86, ಮಂಡಿ ಸುಮಾರು 155 ಡಿಗ್ರಿ. ಈಗ ಅವನನ್ನು 18 ಸೆಂ.ಮೀ. ಎತ್ತರದ ಮೆಟ್ಟಿಲ ಮೇಲೆ ನಿಲ್ಲಿಸಿ, ಎಡಗಾಲು ಒಂದು ಮೆಟ್ಟಿಲು ಕೆಳಗೆ. ಆ ಪಾದ ನೆಲ ಮುಟ್ಟಬೇಕಾದರೆ ಕಾಲು 104 ಸೆಂ.ಮೀ. ಉದ್ದ ಬೇಕು. ಇರುವುದು 88. ಸೂತ್ರ ಎಷ್ಟೇ ಸರಿಯಿದ್ದರೂ ಪಾದ ತೇಲಿಯೇ ತೇಲುತ್ತದೆ.

ಹೊಸಬರು ಸಿಕ್ಕಿಬೀಳುವುದು ಇಲ್ಲೇ, ಕಾಲನ್ನಷ್ಟೇ ನೋಡುತ್ತಾ ಕೂತಿರುತ್ತಾರೆ. ಇಳಿಸಬೇಕಾದ್ದು ಸೊಂಟವನ್ನು. ಎರಡು ಪಾದಗಳಿಂದಲೂ ಕೆಳಕ್ಕೆ ಒಂದೊಂದು ರೇ, ಅಂದರೆ ಎಲ್ಲಿ ತಾಗುತ್ತದೆ ಅಂತ ಹೇಳುವ ಕಾಣದ ಗೆರೆ ಬಿಡಬೇಕು, ಪಾದಕ್ಕಿಂತ ಅರ್ಧ ಮೀಟರ್ ಮೇಲಿನಿಂದ ಶುರು ಮಾಡಿದರೆ ಸಾಕು. ಎಂಜಿನ್ ನೆಲ ಅಂದುಕೊಂಡ ಮಟ್ಟಕ್ಕೂ ನಿಜವಾದ ನೆಲಕ್ಕೂ ಎಷ್ಟು ವ್ಯತ್ಯಾಸ ಅಂತ ಅದು ಹೇಳುತ್ತದೆ. ಎರಡರಲ್ಲಿ ಜಾಸ್ತಿ ಕೆಳಗಿರುವ ಪಾದ ಯಾವುದೋ, ಅಷ್ಟು ಸೊಂಟ ಇಳಿಯಬೇಕು. ನಮ್ಮ ಲೆಕ್ಕದಲ್ಲಿ 18. ಎಡಗಾಲು ಮತ್ತೆ ಆರಾಮಾಗಿ 86ಕ್ಕೆ ಬರುತ್ತದೆ, ಬಲಗಾಲಿಗೆ ಉಳಿಯುವುದು 68, ಮಂಡಿ ಸುಮಾರು 101 ಡಿಗ್ರಿಗೆ ಮಡಚುತ್ತದೆ. ಆಗ ಮೆಟ್ಟಿಲ ಮೇಲೆ ನಿಂತ ಮನುಷ್ಯನ ಹಾಗೆ ಕಾಣುತ್ತಾನೆ.

ನಡೆಯುವಾಗ ಈ ವ್ಯತ್ಯಾಸವನ್ನು ಅನಿಮೇಷನ್ನಿನ ಪಾದದ ಎತ್ತರಕ್ಕೆ ಕೂಡಿಸಬೇಕು. ಅದು ಬಿಟ್ಟು ಪಾದವನ್ನು ನೇರ ನೆಲಕ್ಕೇ ಅಂಟಿಸಿದರೆ ಹೆಜ್ಜೆ ಎತ್ತುವುದೇ ಇಲ್ಲ, ಕಾಲೆಳೆದುಕೊಂಡು ಹೋಗುತ್ತಾನೆ. ಸೊಂಟವನ್ನೂ ಒಂದೇ ಫ್ರೇಮಿನಲ್ಲಿ ಇಳಿಸಬಾರದು, ಕೆಲವು ಫ್ರೇಮುಗಳಲ್ಲಿ ಹಂಚಿ ಇಳಿಸದಿದ್ದರೆ ಪ್ರತಿ ಮೆಟ್ಟಿಲಿಗೂ ಮೈಯೆಲ್ಲಾ ಕುಲುಕುತ್ತದೆ.

ಇನ್ನೊಂದು ಕಾಟ, ಕಾಲು ಪೂರ್ತಿ ನೆಟ್ಟಗಾಗುವ ಹತ್ತಿರ. ಅದೇ ಸೂತ್ರದಲ್ಲಿ 87.9 ಹಾಕಿ ನೋಡಿ, ಮಂಡಿ 174 ಡಿಗ್ರಿ ಚಿಲ್ಲರೆ. 88 ಹಾಕಿದರೆ 180. ಒಂದು ಮಿಲಿಮೀಟರ್‌ಗೆ ಐದು ಡಿಗ್ರಿಗಿಂತ ಜಾಸ್ತಿ! ಪರದೆಯ ಮೇಲೆ ಮಂಡಿ ಪಟ್ ಅಂತ ಹಿಂದಕ್ಕೆ ಬಡಿದ ಹಾಗೆ ಕಾಣುತ್ತದೆ. 2002ರಲ್ಲಿ ಕೋವರ್, ಶ್ರೈನರ್ ಮತ್ತು ಗ್ಲೈಶರ್ ನಿಜವಾದ ಮನುಷ್ಯರ ಚಲನೆಯನ್ನು ದಾಖಲಿಸುವ ಮೋಷನ್ ಕ್ಯಾಪ್ಚರ್‌ನಲ್ಲಿ ಪಾದ ಜಾರುವುದನ್ನು ಸರಿಪಡಿಸುವ ಬಗ್ಗೆ ಬರೆದಾಗ ಇದಕ್ಕೆ ಧೈರ್ಯದ ಪರಿಹಾರ ಕೊಟ್ಟರು: ಕಾಲಿನ ಉದ್ದವನ್ನೇ ಒಂಚೂರು ಹಿಗ್ಗಿಸಿಬಿಡಿ. ಸ್ವಲ್ಪ ಹಿಗ್ಗಿದ ಕಾಲು ಕಣ್ಣಿಗೆ ಬೀಳುವುದಿಲ್ಲ, ಬಡಿಯುವ ಮಂಡಿ ಖಂಡಿತ ಬೀಳುತ್ತದೆ. ನನಗಂತೂ ಈ ವಿಷಯದಲ್ಲಿ ತುಂಬಾ ಇಷ್ಟವಾದ ಯೋಚನೆ ಇದೇ. ಹಿಗ್ಗಿಸಲು ಮನಸ್ಸಿಲ್ಲದಿದ್ದರೆ ಗುರಿಯನ್ನು 87ರ ಹತ್ತಿರವೇ ಮೆಲ್ಲಗೆ ತಡೆಯಬಹುದು. ಆಗ ಪಾದ ಒಂದಿಷ್ಟು ತೇಲುತ್ತದೆ, ಅದನ್ನು ಸಹಿಸಿಕೊಳ್ಳಬೇಕು.

2009ರಲ್ಲಿ ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದಲ್ಲಿ ರೂನೆ ಸ್ಕೋವ್‌ಬೋ ಯೋಹಾನ್ಸೆನ್ ಇದೇ ವಿಷಯದ ಮೇಲೆ ಪ್ರಬಂಧ ಬರೆದು, ಯೂನಿಟಿ ಎಂಜಿನ್‌ಗೆ ಹೆಜ್ಜೆಗಳನ್ನು ನೆಲಕ್ಕೆ ಹೊಂದಿಸುವ ವ್ಯವಸ್ಥೆಯನ್ನೂ ಕೊಟ್ಟರು. 2012ರಲ್ಲಿ ಯೂನಿಟಿ 4ರ ಅನಿಮೇಷನ್ ವ್ಯವಸ್ಥೆ ಮೆಕಾನಿಮ್ ಬಂದ ಮೇಲೆ, `OnAnimatorIK` ಒಳಗೆ `SetIKPositionWeight` ಅನ್ನು 1 ಮಾಡಿ `SetIKPosition` ಅಂತ ಒಂದು ಸಾಲು ಬರೆದರೆ ಲೆಕ್ಕ ತಾನಾಗಿ ಆಗುತ್ತದೆ. ಪಾದ ಎಲ್ಲಿಡಬೇಕು, ಸೊಂಟ ಎಷ್ಟಿಳಿಯಬೇಕು ಅನ್ನುವುದು ಮಾತ್ರ ನಮ್ಮ ತಲೆಗೇ ಬಿಟ್ಟದ್ದು.

ಆ ತಲೆನೋವು ಜಾಸ್ತಿ ಆಗುವುದು ಮೆಟ್ಟಿಲಿನ ಅಂಚಿನಲ್ಲಿ. ರೇ ಒಂದು ಫ್ರೇಮಿನಲ್ಲಿ ಮೇಲಿನ ಮೆಟ್ಟಿಲಿಗೆ ತಾಗುತ್ತದೆ, ಮುಂದಿನದರಲ್ಲಿ ಕೆಳಗಿನದಕ್ಕೆ. ಪಾದ ನಡುಗುತ್ತದೆ. ದಪ್ಪ ರೇ, ಅಂದರೆ ಸ್ಫಿಯರ್‌ಕಾಸ್ಟ್ ಬಳಸಿದರೆ ಅರ್ಧ ಸಮಸ್ಯೆ ಹೋಗುತ್ತದೆ, ಹಿಮ್ಮಡಿಗೊಂದು ಬೆರಳಿಗೊಂದು ರೇ ಬಿಟ್ಟರೆ ಇನ್ನೂ ಒಳ್ಳೆಯದು. ಬಹಳ ಗೇಮ್‌ಗಳಲ್ಲಿ ಕ್ಯಾಪ್ಸೂಲ್ ಜಿಗಿಯದಿರಲಿ ಅಂತ ಮೆಟ್ಟಿಲ ಮೇಲೆ ಕಾಣದ ಇಳಿಜಾರು ಹಾಕಿರುತ್ತಾರೆ. ಅದು ಒಳ್ಳೆಯದೇ, ಆದರೆ ಪಾದದ ರೇ ಆ ಇಳಿಜಾರಿಗೆ ತಾಗಬಾರದು, ಕಣ್ಣಿಗೆ ಕಾಣುವ ಕಲ್ಲಿಗೇ ತಾಗಬೇಕು. ಎರಡನ್ನೂ ಬೇರೆ ಬೇರೆ ಲೇಯರ್‌ನಲ್ಲಿಡಿ. ಪಾದ ಮೆಟ್ಟಿಲಿನ ಮಧ್ಯದಲ್ಲೂ ಓರೆಯಾಗಿ ನಿಂತಿದ್ದರೆ ಈ ತಪ್ಪೇ ಆಗಿದೆ ಅಂತ ಮೊದಲು ಅನುಮಾನಪಡಿ.

ಪಾದ ಊರಿದ ಮೇಲೆ ಜಾರದಿರಲು ಬೀಗ ಹಾಕುತ್ತಾರೆ. ಅನಿಮೇಷನ್ನಿನಲ್ಲಿ ಪಾದ ನೆಲದಲ್ಲಿರುವ ಹೊತ್ತನ್ನು ಗುರುತು ಮಾಡಿ, ಆ ಕ್ಷಣದ ಜಾಗವನ್ನು ನೆನಪಿಟ್ಟು, ಗುರುತು ಮುಗಿಯುವ ತನಕ ಅಲ್ಲೇ ಹಿಡಿದಿಡುವುದು. ಮೈ ತೀರಾ ಮುಂದೆ ಹೋಗಿಬಿಟ್ಟರೆ ಬೀಗ ತೆಗೆಯಲೇಬೇಕು, ಇಲ್ಲವಾದರೆ ಕಾಲು ಹಿಂದೆಯೇ ಉಳಿಯುತ್ತದೆ. ಓಡುವಾಗ ಇದನ್ನೆಲ್ಲ ಬಹುತೇಕ ಆಫ್ ಮಾಡಿಬಿಡುವುದೇ ವಾಸಿ, ಪಾದ ನೆಲದಲ್ಲಿರುವ ಹೊತ್ತೇ ಕಡಿಮೆ ಅಲ್ವಾ. ಕಾರವಾರದ ಬೈತಖೋಲ ಬಂದರಿನ ಬೋಟಿನ ಹಾಗೆ ನೆಲವೇ ಅಲ್ಲಾಡುವ ಕಡೆ ಇನ್ನೊಂದು ಎಚ್ಚರ ಬೇಕು: ಬೀಗದ ಜಾಗವನ್ನು ಲೋಕದ ಅಳತೆಯಲ್ಲಿ ಇಡಬೇಡಿ, ಬೋಟಿನ ಅಳತೆಯಲ್ಲಿ ಇಡಿ, ಇಲ್ಲದಿದ್ದರೆ ಬೋಟ್ ಹೋಗಿರುತ್ತದೆ, ಪಾದ ನೀರ ಮೇಲೆ ನಿಂತಿರುತ್ತದೆ.